ಯಾವ ಕೆಲಸಕ್ಕೆ ಅಂತ ಮೊದಲು ಹೇಳಿ



ಪದವಿಯ ಫಲಿತಾಂಶ ಬಂದ ಮೇಲೆ ನಮ್ಮ ಘಟಕದವರಿಗೆ ಒಂದೇ ಬಗೆಯ ವಾಟ್ಸಾಪ್ ಸಂದೇಶ ಮತ್ತೆ ಮತ್ತೆ ಬರುತ್ತದೆ. "ಅಕ್ಕಾ, ನನ್ನ ರೆಸ್ಯೂಮೆ ಒಮ್ಮೆ ನೋಡಿ ಸರಿ ಮಾಡಿ ಕೊಡಿ." ಜತೆಗೊಂದು ಪಿಡಿಎಫ್. ಯಾವ ಕೆಲಸಕ್ಕೆ, ಎಷ್ಟು ಪುಟ ಇರಬೇಕು ಎಂಬುದು ಇರುವುದಿಲ್ಲ. ಕೆಲವೊಮ್ಮೆ ಓದಿದ ವಿಷಯವೂ ಇರುವುದಿಲ್ಲ, "ಬಿ.ಎಸ್ಸಿ." ಅಂತ ಮಾತ್ರ.

ಕೆಲಸ ಗೊತ್ತಿಲ್ಲದಿದ್ದರೂ ಕೆಲವನ್ನು ನೋಡಿ ಹೇಳಬಹುದು. ಫೋನ್ ನಂಬರಿನಲ್ಲಿ ಹತ್ತು ಅಂಕಿ ಇದೆಯೇ, ಹೆಸರು ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯೇ, ವರ್ಷಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ, ಕಾಗುಣಿತ ಸರಿಯೇ. ಅಲ್ಲಿಗೆ ಮುಗಿಯಿತು. ಯಾವುದು ಮೇಲೆ ಬರಬೇಕು, ಯಾವುದನ್ನು ತೆಗೆಯಬೇಕು ಎನ್ನುವುದನ್ನು ಕೆಲಸ ತಿಳಿಯದೆ ಯಾರೂ ಹೇಳಲಾರರು.

ಕಾಸರಗೋಡಿನ ನಮ್ಮ ತಂಗಿಯೊಬ್ಬಳ ಉದಾಹರಣೆ ನೋಡಿ. ನಾಲ್ಕು ತಿಂಗಳಿಂದ ಸಿಕ್ಕಲ್ಲೆಲ್ಲ ಒಂದೇ ರೆಸ್ಯೂಮೆ ಕಳಿಸುತ್ತಿದ್ದಳು, ಒಂದು ಕರೆಯೂ ಬರಲಿಲ್ಲ. "ಮನೆಯಲ್ಲಿ ಇನ್ನು ಕೇಳುವುದಕ್ಕೂ ಬಿಟ್ಟಿದ್ದಾರೆ ಅಕ್ಕಾ" ಅಂದಳು. ನಾವು ತಿದ್ದುವ ಮೊದಲು ಮೂರೇ ಪ್ರಶ್ನೆ ಕೇಳಿದೆವು. ಓದಿದ್ದು ಏನು? ಈ ವಾರ ಎಲ್ಲಿಗೆ ಅರ್ಜಿ ಹಾಕುತ್ತೀ? ಆ ಜಾಹೀರಾತು ಎಲ್ಲಿದೆ, ಕಳಿಸು. ಅವಳು ಓದಿದ್ದು ರಸಾಯನಶಾಸ್ತ್ರ. ಕಳಿಸಿದ ಜಾಹೀರಾತುಗಳು ಎರಡು: ಮಂಗಳೂರಿನ ಕಡೆ ಔಷಧ ತಯಾರಿಕೆಯ ಪ್ರಯೋಗಾಲಯದಲ್ಲಿ ಗುಣಮಟ್ಟ ಪರೀಕ್ಷೆಯ ಟ್ರೈನಿ, ಮತ್ತು ಊರಿನ ಆಸ್ಪತ್ರೆಯೊಂದರ ಫ್ರಂಟ್ ಆಫೀಸ್.

ಅವಳ ರೆಸ್ಯೂಮೆ ಎರಡು ಪುಟವಿತ್ತು. ಮೊದಲಿಗೆ "ಹೆಸರಾಂತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ" ಬಯಸುವ ಗುರಿ, ಕೊನೆಗೆ ತಂದೆಯ ಹೆಸರು, ಧರ್ಮ, ಹವ್ಯಾಸ, ಪ್ರಮಾಣ ವಚನ. ನಡುವೆ ಎಲ್ಲೋ ಒಂದು ಸಾಲು: "ಪ್ರಾಜೆಕ್ಟ್: ಬಾವಿ ನೀರಿನ ಪರೀಕ್ಷೆ." ಪ್ರಯೋಗಾಲಯದವರು ಹುಡುಕುವುದು ಆ ಸಾಲನ್ನೇ, ಆದರೆ ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಏನು ಮಾಡಿದೆ ಅಂತ ಕೇಳಿ ಕೇಳಿ ಬರೆದದ್ದು ಹೀಗೆ: "12 ಬಾವಿಗಳ ನೀರಿನ ಗಡಸುತನವನ್ನು ಇಡಿಟಿಎ ಟೈಟ್ರೇಷನ್‌ನಿಂದ ಅಳೆದೆ, ಪ್ರತಿ ಮಾದರಿಗೂ 3 ಬಾರಿ." ಈ ಸಾಲು ಹೆಸರು, ಪದವಿಯ ಕೆಳಗೇ ಬಂತು. ಅದರ ಹಿಂದೆಯೇ ಅವಳು ಕೈಯಾರೆ ಬಳಸಿದ ಉಪಕರಣಗಳು. ನೋಡಿ ಮಾತ್ರ ಗೊತ್ತಿದ್ದವನ್ನು ಬಿಟ್ಟೆವು. ಯಾಕೆಂದರೆ ರೆಸ್ಯೂಮೆಯ ಸಾಲೇ ಸಂದರ್ಶನದ ಪ್ರಶ್ನೆಯಾಗುತ್ತದೆ. ಟೈಟ್ರೇಷನ್ ಅಂತ ಬರೆದವಳಿಗೆ ಯಾವ ಇಂಡಿಕೇಟರ್ ಎಂದು ಕೇಳುತ್ತಾರೆ. ಎರಿಯೋಕ್ರೋಮ್ ಬ್ಲ್ಯಾಕ್ ಟಿ, ಪಿಎಚ್ 10ರಲ್ಲಿ, ವೈನಿನ ಕೆಂಪು ಹೋಗಿ ನೀಲಿ ಬಂದಾಗ ನಿಲ್ಲಿಸಬೇಕು ಎಂದು ಅವಳು ತಡವರಿಸದೆ ಹೇಳಿದಳು. ಆದ್ದರಿಂದ ಆ ಸಾಲು ಉಳಿಯಿತು.

ಆಸ್ಪತ್ರೆಯ ಅರ್ಜಿಗೆ ಅದೇ ಟೈಟ್ರೇಷನ್ ಅರ್ಧ ಸಾಲಾಗಿ ಕೆಳಗೆ ಇಳಿಯಿತು. ಅಲ್ಲಿ ಬರುವವರು ಕನ್ನಡ, ಮಲಯಾಳಂ, ತುಳು, ಕೊಂಕಣಿ ಆಡುವವರು. ಮೂಲ ಪ್ರತಿಯಲ್ಲಿ ಹವ್ಯಾಸದ ಪಕ್ಕ ಬಿದ್ದಿದ್ದ ಭಾಷೆಗಳ ಪಟ್ಟಿ ಮೇಲಕ್ಕೆ ಬಂತು. ಅದರಲ್ಲೂ ಮಾತು, ಓದು, ಬರಹ ಬೇರೆ ಬೇರೆ ತೋರಿಸಿದೆವು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಲ್ಲಿ ಅನೇಕರಿಗೆ ಮಲಯಾಳಂ ಸಲೀಸಾಗಿ ಬರುತ್ತದೆ, ಬರೆಯಲು ಬರುವುದಿಲ್ಲ. ಬರೀ "ಮಲಯಾಳಂ" ಎಂದು ಬರೆದರೆ ಮೊದಲ ದಿನವೇ ಒಂದು ಫಾರಂ ಕೈಗೆ ಬರುತ್ತದೆ, ಆಗ ಕಷ್ಟ. ಮೂರು ವರ್ಷ ಕ್ಯಾಟೆಕಿಸಂ ತರಗತಿ ನಡೆಸಿದ್ದು, ಹೆತ್ತವರೊಡನೆ ಮಾತಾಡಿ ಹಾಜರಿ ನೋಡಿಕೊಂಡದ್ದು ಇಲ್ಲಿ ಅನುಭವವಾಗಿ ನಿಂತಿತು. ಪ್ರಯೋಗಾಲಯದ ಪ್ರತಿಯಲ್ಲಿ ಅದಕ್ಕೆ ಒಂದೇ ಸಾಲು.

ಉದ್ದದ ಪ್ರಶ್ನೆ ತಾನಾಗಿಯೇ ತೀರಿತು. ಗುರಿ, ಧರ್ಮ, ಪ್ರಮಾಣ ವಚನ ಹೋದ ಮೇಲೆ ಎರಡೂ ಪ್ರತಿ ಒಂದೊಂದೇ ಪುಟವಾದವು. ಹೊಸದಾಗಿ ಕೆಲಸ ಹುಡುಕುವವರಿಗೆ ಅಷ್ಟು ಸಾಕು. ಜಾಹೀರಾತಿನಲ್ಲಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಕೇರಳ ಪಿಎಸ್‌ಸಿಗಾದರೆ ರೆಸ್ಯೂಮೆಯ ತಿದ್ದುಪಡಿಯಿಂದ ಪ್ರಯೋಜನವಿಲ್ಲ; ಅಲ್ಲಿ ಬೇಕಾದದ್ದು ಒನ್ ಟೈಮ್ ರಿಜಿಸ್ಟ್ರೇಷನ್ನಿನ ಪ್ರೊಫೈಲ್, ಅದರಲ್ಲಿ ಹಾಕಿದ ಪ್ರತಿಯೊಂದಕ್ಕೂ ದಾಖಲೆ.

ಪ್ರಯೋಗಾಲಯದಿಂದ ಅವಳಿಗೆ ಸಂದರ್ಶನಕ್ಕೆ ಕರೆ ಬಂದಿದೆ, ಆಸ್ಪತ್ರೆಯಿಂದ ಇನ್ನೂ ಇಲ್ಲ. ನೀವೂ ಕಳಿಸಿ, ನಾವು ನೋಡುತ್ತೇವೆ. ಆದರೆ ಪಿಡಿಎಫ್ ಜತೆ ಜಾಹೀರಾತೂ ಇರಲಿ. ಇನ್ನೂ ಯಾವ ಕೆಲಸ ಎಂದು ತೀರ್ಮಾನಿಸಿಲ್ಲವಾದರೆ ಅದನ್ನೇ ಬರೆಯಿರಿ. ಆಗ ರೆಸ್ಯೂಮೆ ಬದಿಗಿಟ್ಟು, ಆದಿತ್ಯವಾರ ಪೂಜೆ ಮುಗಿದ ಮೇಲೆ ಕೂತು ಮಾತಾಡುವ.