ಬೇಸಿಗೆಯಲ್ಲಿ ನಿಲ್ಲದ ಫ್ರಿಜ್ಜು

ಫ್ರಿಜ್ಜಿನ ಕಂಪ್ರೆಸರ್ ಬಿಟ್ಟು ಬಿಟ್ಟು ಓಡುವ ಯಂತ್ರ. ಒಳಗೆ ಸಾಕಷ್ಟು ತಂಪಾದಾಗ ಥರ್ಮೋಸ್ಟಾಟ್ ಅದನ್ನು ನಿಲ್ಲಿಸುತ್ತದೆ, ಬಿಸಿಯೇರಿದಾಗ ಮತ್ತೆ ಎಬ್ಬಿಸುತ್ತದೆ. ಹೊರಗೆ 25 ಡಿಗ್ರಿ, ಒಳಗೆ 5 ಡಿಗ್ರಿ ಇದ್ದಾಗ ಗಂಟೆಗೆ ಇಪ್ಪತ್ತೈದು ನಿಮಿಷ ಓಡಿದರೆ ಸಾಕಾಗುವ ಫ್ರಿಜ್ಜನ್ನು ಮೇ ತಿಂಗಳ ಕಲಬುರಗಿಗೆ ಒಯ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಅಡುಗೆಮನೆಯೇ 40 ಡಿಗ್ರಿ ದಾಟುತ್ತದೆ. ಒಳಹೊರಗಿನ ಅಂತರ 20ರಿಂದ 35ಕ್ಕೆ ಏರಿದಾಗ ಗೋಡೆಗಳ ಮೂಲಕ ನುಸುಳುವ ಶಾಖವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಬಿಸಿ ಗಾಳಿಗೆ ಶಾಖ ಬಿಡುವುದು ಕಷ್ಟವಾದ್ದರಿಂದ ಕಂಪ್ರೆಸರಿನ ಕಸುವೂ ಕುಗ್ಗುತ್ತದೆ. ಗಂಟೆಗೆ ಐವತ್ತು ನಿಮಿಷ ಓಡಿದರೂ ಅದು ರೋಗವಲ್ಲ. ನಸುಕಿನಲ್ಲಿ, ಬಾಗಿಲು ತೆರೆಯುವವರು ಯಾರೂ ಇಲ್ಲದಾಗ, ನಡುನಡುವೆ ನಿಂತರೆ ಸಾಕು. ಇನ್ವರ್ಟರ್ ಕಂಪ್ರೆಸರಿಗೆ ಈ ಪರೀಕ್ಷೆಯೂ ಸಲ್ಲದು. ಸಣ್ಣ ವೇಗದಲ್ಲಿ ಬಹುಪಾಲು ಹೊತ್ತು ಓಡುತ್ತಲೇ ಇರುವಂತೆ ಅದನ್ನು ಮಾಡಿರುತ್ತಾರೆ.

ಹಾಗಾಗಿ ಸದ್ದಿಗಿಂತ ನೀರು ಹೆಚ್ಚು ನಂಬಿಕಸ್ತ ಸಾಕ್ಷಿ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಥರ್ಮಾಮೀಟರ್ ಅದ್ದಬೇಕು. ಮೂರರಿಂದ ಐದು ಡಿಗ್ರಿ ತೋರಿಸಿದರೆ ಯಂತ್ರ ಗಟ್ಟಿಮುಟ್ಟಾಗಿದೆ, ಕೆಲಸ ಹೆಚ್ಚಾಗಿದೆ ಅಷ್ಟೇ. ಹತ್ತು ಹನ್ನೆರಡು ತೋರಿಸಿದರೆ ಹುಡುಕಾಟ ಶುರುಮಾಡಬೇಕು.

ಈ ಲೇಖಕನ ಕಲಬುರಗಿಯ ಮನೆಯಲ್ಲಿರುವುದು ಎರಡು ಬಾಗಿಲಿನ, ಹಿಮಗಟ್ಟದ ಬಗೆಯ ಫ್ರಿಜ್ಜು. ಒಂದು ಬೇಸಿಗೆಯಲ್ಲಿ ಅದು ಹಗಲುರಾತ್ರಿ ಓಡತೊಡಗಿ, ಹಾಲು ಒಡೆಯತೊಡಗಿದಾಗ ಮೊದಲ ಗುಮಾನಿ ಬಂದದ್ದು ನೀರಿನ ಬಾಟಲಿಗಳ ಮೇಲೆ. 35 ಡಿಗ್ರಿಯ ಹತ್ತು ಲೀಟರ್ ನೀರನ್ನು 5ಕ್ಕೆ ಇಳಿಸಲು ಸುಮಾರು 1,250 ಕಿಲೋಜೂಲ್ ಶಾಖ ತೆಗೆಯಬೇಕು. ಸೆಕೆಂಡಿಗೆ 120 ಜೂಲ್ ಶಾಖ ಎತ್ತುವ ಫ್ರಿಜ್ಜಿಗೆ ಅದೊಂದೇ ಮೂರು ಗಂಟೆಯ ಕೆಲಸ. ಮಧ್ಯಾಹ್ನ ಬಾಟಲಿ ಖಾಲಿಯಾಗಿ ಮತ್ತೆ ತುಂಬಿದರೆ ಇನ್ನೂ ಮೂರು ಗಂಟೆ. ಕುಡಿಯುವ ನೀರನ್ನು ಮಣ್ಣಿನ ಗಡಿಗೆಗೆ ಒಪ್ಪಿಸಿದ ಮೇಲೆ ಓಟ ಕೊಂಚ ತಗ್ಗಿತು, ಪೂರ್ತಿ ನಿಲ್ಲಲಿಲ್ಲ.

ಮುಂದಿನ ಗುಮಾನಿ ಗಾಳಿಯ ಮೇಲೆ. 1927ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮಾರುಕಟ್ಟೆಗೆ ಬಿಟ್ಟ ‘ಮಾನಿಟರ್ ಟಾಪ್’ ಫ್ರಿಜ್ಜಿನಲ್ಲಿ ಕಂಪ್ರೆಸರ್ ಉಕ್ಕಿನ ಕವಚದೊಳಗೆ ಬಿಗಿಯಾಗಿ ಮುಚ್ಚಿಕೊಂಡು ನೆತ್ತಿಯ ಮೇಲೆ ಕೂತಿತ್ತು. ಶಾಖ ಬಿಡುವ ಕೊಳವೆಗಳೂ ಅದರ ಸುತ್ತಲೇ ಇದ್ದವು. ಆಮೇಲೆ ಆ ಕೊಳವೆಗಳು ಬೆನ್ನಿಗೆ ಬಂದವು. ಲೇಖಕನ ಬಾಲ್ಯದ ಮನೆಯಲ್ಲಿ ಮಳೆಗಾಲಕ್ಕೆ ಶಾಲೆಯ ಕಾಲುಚೀಲ ಒಣಗುತ್ತಿದ್ದದ್ದು ಆ ಕಪ್ಪು ಜಾಲರಿಯ ಮೇಲೆ. ಈಗ ಅನೇಕ ಮಾದರಿಗಳಲ್ಲಿ ಅವು ಪಕ್ಕದ ತಗಡಿನ ಒಳಗೆ ಅಡಗಿರುವುದರಿಂದ, ಪಕ್ಕ ಬಿಸಿಯಾಗಿದೆ ಎಂದು ಗಾಬರಿಪಡುವವರೂ ಉಂಟು. ಬಿಸಿಯಾಗುವುದೇ ಅದರ ಕೆಲಸ. ಆ ಬಿಸಿಗೆ ಹೋಗಲು ದಾರಿ ಬೇಕು. ಕಲಬುರಗಿಯ ಫ್ರಿಜ್ಜು ಗೋಡೆಗೂ ಅಲಮಾರಿಗೂ ನಡುವೆ ಸಿಕ್ಕಿಕೊಂಡಿತ್ತು. ಮೇಲೆ ಹೊದಿಸಿದ ಕಸೂತಿಯ ಬಟ್ಟೆ ಎರಡೂ ಪಕ್ಕ ಇಳಿಬಿದ್ದಿತ್ತು. ಸುತ್ತ ನಾಲ್ಕು ಬೆರಳು ಜಾಗ ಬಿಡಿಸಿ, ಬಟ್ಟೆ ತೆಗೆದ ಮೇಲೆ ತಗಡು ಮುಟ್ಟುವ ಹಾಗಾಯಿತು.

ಆದರೂ ಕೆಳಗಿನ ಅಂಕಣದ ಲೋಟ 12 ಡಿಗ್ರಿಯಲ್ಲೇ ನಿಂತಿತ್ತು. ಮೇಲೆ ಐಸು ಮಾತ್ರ ಕಲ್ಲಾಗಿತ್ತು. ಈ ಬಗೆಯ ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಫ್ರೀಜರಿನ ಹಿಂದೆ. ಒಂದು ಫ್ಯಾನು ಆ ಗಾಳಿಯನ್ನು ಕಿಂಡಿಗಳ ಮೂಲಕ ಕೆಳಗೆ ತಳ್ಳುತ್ತದೆ. ದೋಸೆ ಹಿಟ್ಟಿನ ಪಾತ್ರೆಯನ್ನು ಕಿಂಡಿಯ ಎದುರಿನಿಂದ ಸರಿಸಿದರೂ ಫಲ ಕಾಣಲಿಲ್ಲ. ಫ್ಯಾನಿನ ಸದ್ದಂತೂ ಕೇಳಿಸುತ್ತಿತ್ತು. ಕೊನೆಗೆ ಎಲ್ಲ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ಇಡೀ ದಿನ ಬಿಟ್ಟಾಗ ನೆಲದ ತುಂಬ ನೀರು. ಮರುದಿನದಿಂದ ಫ್ರಿಜ್ಜು ಹೊಸದರಂತೆ ನಡೆಯಿತು; ವಾರ ಕಳೆದ ಮೇಲೆ ಮತ್ತೆ ಅದೇ ಪಾಡು.

ರೋಗ ಗುರುತಿಸಲು ಈ ಮರುಕಳಿಕೆಯೇ ಸಾಕು. ಹಳೆಯ ಫ್ರಿಜ್ಜುಗಳಲ್ಲಿ ಕಟ್ಟಿದ ಹಿಮವನ್ನು ಮನೆಯವರೇ ಆಗಾಗ ಕರಗಿಸಬೇಕಿತ್ತು. ಹಿಮಗಟ್ಟದ ಬಗೆಯಲ್ಲಿ ಒಂದು ಹೀಟರು ಕೆಲವು ಗಂಟೆಗಳಿಗೊಮ್ಮೆ ಹೊತ್ತಿಕೊಂಡು ಆ ಕೆಲಸ ಮಾಡುತ್ತದೆ. ಅದು ಕೆಟ್ಟರೆ ಕೊಳವೆಗಳ ಮೇಲೆ ಹಿಮ ದಪ್ಪಗಾಗಿ ಗಾಳಿಯ ದಾರಿ ಮುಚ್ಚುತ್ತದೆ. ಮೆಕ್ಯಾನಿಕ್ ಹಿಂಬದಿಯ ಫಲಕ ಬಿಚ್ಚಿದಾಗ ಕಂಡದ್ದು ಬಿಳಿಯ ಗೋಡೆ. ಹೀಟರಿನ ತಂತಿ ಒಳಗೇ ತುಂಡಾಗಿತ್ತು.

ಅವನಿಗಿಂತ ಮೊದಲು ಬಂದಿದ್ದವನು ನೋಡುತ್ತಲೇ ‘ಗ್ಯಾಸ್ ಹಾಕಬೇಕು’ ಎಂದಿದ್ದ. ಗ್ಯಾಸ್ ಓಡಾಟದಿಂದ ಸವೆಯುವ ವಸ್ತುವಲ್ಲ, ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಹಾಗೆ ಸೋರಿದ್ದರೆ ಐಸೂ ಸರಿಯಾಗಿ ಕಟ್ಟುವುದಿಲ್ಲ, ಒಳಗಿನ ಕೊಳವೆಯ ಒಂದು ತುದಿಗಷ್ಟೇ ಹಿಮ ಹಿಡಿದಿರುತ್ತದೆ, ಕಂಪ್ರೆಸರ್ ಎಷ್ಟು ಓಡಿದರೂ ಪಕ್ಕದ ತಗಡು ಬಿಸಿಯೇರುವುದಿಲ್ಲ. ಆಗಲೂ ಸೋರುವ ಜಾಗ ಹುಡುಕಿ ಬೆಸೆಯದೆ ಗ್ಯಾಸ್ ತುಂಬಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.