ಹೊತ್ತು ಮುಳುಗುವ ಮುನ್ನ

ಮೂಡುಬಿದಿರೆಯ ಸಮೀಪದ ಒಂದು ಜೈನ ಮನೆಯಲ್ಲಿ 82 ವರ್ಷದ ಅಜ್ಜಿ ಪ್ರತಿ ಸಂಜೆ ಐದರ ಹೊತ್ತಿಗೆ ಜಗಲಿಗೆ ಬಂದು ಕುಳಿತು, “ಇವರು ತೋಟದಿಂದ ಬಂದರಾ?” ಎಂದು ಕೇಳುತ್ತಾರೆ. ರಾತ್ರಿಭೋಜನತ್ಯಾಗ ಆ ದಂಪತಿಗಳು ಹಿಡಿದಿದ್ದ ವ್ರತ. ಸುಮಾರು 60 ವರ್ಷ ಅವರು ಹೊತ್ತು ಮುಳುಗುವ ಮುನ್ನ ಒಟ್ಟಿಗೆ ಉಂಡವರು. ಅಜ್ಜ ತೀರಿಕೊಂಡು ಈಗ ನಾಲ್ಕು ತಿಂಗಳಾಗಿದೆ.

ಅಜ್ಜಿಗೆ ಆಲ್ಝೈಮರ್ ಕಾಯಿಲೆ. ಹೊಸ ಸಂಗತಿಗಳನ್ನು ನೆನಪಾಗಿ ನೆಲೆಗೊಳಿಸುವ ಮೆದುಳಿನ ಭಾಗವನ್ನು ಈ ಕಾಯಿಲೆ ಮೊದಲ ಹಂತಗಳಲ್ಲಿಯೇ ಬಾಧಿಸುತ್ತದೆ. ಆದ್ದರಿಂದ ಹಳೆಯ ರೂಢಿ ಉಳಿದಿದೆ, ಇತ್ತೀಚಿನ ಸಾವು ಉಳಿದಿಲ್ಲ.

ಅಜ್ಜ ಒಂದು ಬೆಳಗಿನ ಜಾವ ತೀರಿಕೊಂಡರು. ಹಿರಿಯರೊಬ್ಬರು ಅಜ್ಜಿಯ ಬಳಿ ಬಂದು, “ಅಣ್ಣ ಹೋದರು” ಎಂದರು. “ಎಲ್ಲಿಗೆ? ಯಾವಾಗ ಬರುತ್ತಾರೆ?” ಎಂದು ಅಜ್ಜಿ ಕೇಳಿದರು. ಸಾವನ್ನು ಮೃದುವಾಗಿಸಲು ಬಳಸುವ ಮಾತು ಅಲ್ಲಿ ಬರಿಯ ಪ್ರಯಾಣದ ಮಾತಾಯಿತು. ಆಗ ಮೊಮ್ಮಗಳು ಸುತ್ತಲಿದ್ದವರನ್ನು ಹೊರಗೆ ಕಳುಹಿಸಿ, ಅಜ್ಜಿಯ ಕಣ್ಣಿಗೆ ನೇರವಾಗಿ ಕುಳಿತು, ಕೈ ಹಿಡಿದು ಹೇಳಿದಳು: “ಅಜ್ಜಿ, ಅಜ್ಜ ತೀರಿಕೊಂಡರು. ಇವತ್ತು ಬೆಳಗ್ಗೆ. ನಿದ್ದೆಯಲ್ಲಿಯೇ.” ಇಷ್ಟು ಹೇಳಿ ಸುಮ್ಮನಾದಳು. ಅಜ್ಜಿ ಅತ್ತರು. ಅವರನ್ನು ಕರೆದೊಯ್ದು ಅಜ್ಜನ ಹಣೆ ಮುಟ್ಟಿಸಿದರು. ಪತ್ನಿಯಾಗಿ ಅದು ಅವರ ಹಕ್ಕು. ಮರೆಯುತ್ತಾರೆಂಬ ಕಾರಣಕ್ಕೆ ಅದನ್ನು ಕಸಿಯುವಂತಿರಲಿಲ್ಲ.

ಅದೇ ಸಂಜೆ ಪ್ರಶ್ನೆ ಮರಳಿತು. ಮಗ ಸತ್ಯವನ್ನು ಪುನಃ ಹೇಳಿದರು. ಅಜ್ಜಿ ಮೊದಲ ಬಾರಿ ಕೇಳಿದವರಂತೆ ಎದೆ ಹೊಡೆದುಕೊಂಡು ಅತ್ತರು. ಮರುದಿನವೂ ಹಾಗೆಯೇ ಆಯಿತು. ಸ್ವಲ್ಪ ಹೊತ್ತಿನಲ್ಲಿ ಸುದ್ದಿ ಮರೆತುಹೋಗುತ್ತಿತ್ತು, ಆದರೆ ಅದು ತಂದ ಸಂಕಟ ಹೋಗುತ್ತಿರಲಿಲ್ಲ. ಏತಕ್ಕೆಂದು ತಿಳಿಯದೆ ಅವರು ರಾತ್ರಿಯಿಡೀ ನರಳುತ್ತಿದ್ದರು.

ಅದನ್ನು ನೋಡಲಾರದೆ ಸೊಸೆ ಒಂದು ದಿನ, “ಪೇಟೆಗೆ ಹೋಗಿದ್ದಾರೆ ಅತ್ತೆ, ಈಗ ಬರುತ್ತಾರೆ” ಎಂದರು. ಅಜ್ಜಿ ಅಳಲಿಲ್ಲ. ಆದರೆ ಬಾಗಿಲಿನಿಂದ ಕಣ್ಣು ಕೀಳಲೂ ಇಲ್ಲ. ಗಂಡ ಬರುವವರೆಗೆ ಉಣ್ಣೆನೆಂದು ಕುಳಿತರು. ಹೊತ್ತು ಮುಳುಗಿತು. ಆಮೇಲೆ ವ್ರತ ಅಡ್ಡ ಬಂತು. ಆ ರಾತ್ರಿ ಅವರು ಹಸಿದೇ ಮಲಗಿದರು.

ಅಜ್ಜ ನಿತ್ಯವೂ ಸ್ವಾಧ್ಯಾಯಕ್ಕೆ ಹಿಡಿಯುತ್ತಿದ್ದ ಗ್ರಂಥ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’. ಗೃಹಸ್ಥನ ಸತ್ಯಾಣುವ್ರತವನ್ನು ಹೇಳುವಾಗ ಆಚಾರ್ಯರು ಸ್ಥೂಲವಾದ ಸುಳ್ಳನ್ನು ನುಡಿಯಬಾರದು, ನುಡಿಸಬಾರದು ಎಂಬಲ್ಲಿಗೆ ನಿಲ್ಲುವುದಿಲ್ಲ. ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದು ಸೇರಿಸುತ್ತಾರೆ. ಇದನ್ನು ಸುಳ್ಳಿಗೆ ಕೊಟ್ಟ ಅನುಮತಿಯೆಂದು ಓದಿದರೆ ತಪ್ಪಾಗುತ್ತದೆ. ಅಲ್ಲಿ ಎರಡು ಬಾಗಿಲುಗಳೂ ಮುಚ್ಚಿವೆ. ಮಗನ ಮಾತು ಒಂದು ಬಾಗಿಲಲ್ಲಿ, ಸೊಸೆಯ ಮಾತು ಇನ್ನೊಂದರಲ್ಲಿ ತಡೆಯಲ್ಪಡುತ್ತದೆ. ಉಳಿಯುವುದು ನಿಜವೂ ಆಗಿರುವ, ನೋಯಿಸದಿರುವ ಮಾತಿನ ಕಿರಿದಾದ ಹಾದಿ.

ಮೊಮ್ಮಗಳು ಆ ಹಾದಿಯನ್ನು ಪ್ರಶ್ನೆಯೊಳಗೇ ಹುಡುಕಿದಳು. “ಬಂದರಾ?” ಎಂಬುದರ ಹಿಂದೆ ಇದ್ದದ್ದು ಜೊತೆಯ ಹಂಬಲ, ಹೊತ್ತು ಮೀರುವ ಆತಂಕ. ಈಗ ಅವಳು ಪ್ರಶ್ನೆಗೆ ಮುನ್ನವೇ, ನಾಲ್ಕೂವರೆಗೆ, ಗಂಜಿ ಬಡಿಸಿ ಪಕ್ಕದಲ್ಲಿ ತಾನೂ ಉಣ್ಣಲು ಕೂರುತ್ತಾಳೆ. ಪ್ರಶ್ನೆ ಬಂದರೆ, “ಅಜ್ಜನ ನೆನಪಾಯಿತಾ ಅಜ್ಜಿ? ತೋಟದಿಂದ ಬಂದವರು ಮೊದಲು ಏನು ಮಾಡುತ್ತಿದ್ದರು?” ಎನ್ನುತ್ತಾಳೆ. “ಕಾಲು ತೊಳೆಯುತ್ತಿದ್ದರು. ಚೆಂಬು ನಾನೇ ಇಡಬೇಕಿತ್ತು,” ಎಂದು ಅಜ್ಜಿ ಆರಂಭಿಸುತ್ತಾರೆ. ಆ ಮಾತಿನ ನಡುವೆ ಗಂಜಿ ಮುಗಿಯುತ್ತದೆ. ಎಲ್ಲ ದಿನವೂ ಹೀಗಾಗುವುದಿಲ್ಲ. ಕೆಲವು ಸಂಜೆ ಯಾವ ಮಾತೂ ನಾಟದು. ಆಗ ಅವಳು ಕೈ ಹಿಡಿದು ಕುಳಿತಿರುತ್ತಾಳೆ, ಅಷ್ಟೇ.

ಆದರೆ ‘ಎಲ್ಲಿ’ ಎಂಬ ಪ್ರಶ್ನೆ ಬೇರೆ, ‘ಇಲ್ಲವೇ’ ಎಂಬ ಪ್ರಶ್ನೆ ಬೇರೆ. ಮೊದಲನೆಯದು ಹುಡುಕಾಟ, ಎರಡನೆಯದನ್ನು ಕೇಳುವವರಿಗೆ ಒಳಗೆಲ್ಲೋ ಗೊತ್ತಿರುತ್ತದೆ. ಒಂದು ಸಂಜೆ ಅಜ್ಜಿ ಬಾಗಿಲತ್ತ ನೋಡದೆ ಮೊಮ್ಮಗಳನ್ನೇ ನೋಡಿ, “ಮಗಾ, ಇವರು ಇಲ್ಲ, ಅಲ್ಲವಾ?” ಎಂದರು. ಆಗ ಮಾತು ಮರೆಸುವುದು ವಂಚನೆಯಾಗುತ್ತಿತ್ತು.

“ಇಲ್ಲ ಅಜ್ಜಿ. ತೀರಿಕೊಂಡರು. ನೀವೇ ಹಣೆ ಮುಟ್ಟಿದ್ದಿರಿ.”

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಅನಂತರ, “ಉಂಡಿದ್ದರಾ?” ಎಂದು ಕೇಳಿದರು.

“ಉಂಡಿದ್ದರು. ಹಿಂದಿನ ಸಂಜೆ, ಹೊತ್ತಿರುವಾಗಲೇ, ನಿಮ್ಮ ಜೊತೆಯಲ್ಲಿಯೇ.”

ಅದು ನಿಜವಾಗಿತ್ತು. ಅಜ್ಜಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮರುದಿನ ಐದಕ್ಕೆ ಮತ್ತೆ ಜಗಲಿಗೆ ಬಂದು, “ಇವರು ಬಂದರಾ?” ಎಂದರು.