ಹಿಂಬದಿ ಖಾಲಿ

ಶಿರಾಳಕೊಪ್ಪದ ಸಂತೆಯಲ್ಲಿ ಹಳೇ ಪುಸ್ತಕದ ರಾಶಿಯಿಂದ ಒಂದು ಕಾದಂಬರಿ ಕೊಂಡೆ. 1957ರ ಮುದ್ರಣ. ಮನೆಗೆ ಬಂದು ಓದತೊಡಗಿದಾಗ ನಡುವೆ ಒಂದು ಫೋಟೋ ಸಿಕ್ಕಿತು. ಅದರ ಕಚ್ಚುಕಚ್ಚಾದ ಬಿಳಿ ಅಂಚು ಎದುರಿನ ಪುಟದ ಮೇಲೆ ಅಚ್ಚೊತ್ತಿತ್ತು. ಬಹಳ ಕಾಲ ಅಲ್ಲೇ ಮಲಗಿತ್ತೆಂಬುದಕ್ಕೆ ಅಷ್ಟು ಸಾಕು. ತಿರುಗಿಸಿದೆ. ಹಿಂಬದಿ ಖಾಲಿ.

ಗಂಡ, ಹೆಂಡತಿ, ಆಕೆಯ ಸೊಂಟದ ಮೇಲೊಂದು ಮಗು. ಬೆನ್ನಿಗೆ ಎತ್ತರದ ಕಲ್ಲುಕಂಬ. ನೋಡುತ್ತಲೇ ಗೊತ್ತಾಯಿತು, ನಮ್ಮ ಪಕ್ಕದ ಬಳ್ಳಿಗಾವಿಯ ಗಂಡಭೇರುಂಡ ಕಂಬ. ಕಂಬದ ತುದಿ ಮಾತ್ರ ಚೌಕಟ್ಟಿನ ಹೊರಗೆ ಉಳಿದಿದೆ. ತೆಗೆದವರಿಗೆ ಕಂಬಕ್ಕಿಂತ ಈ ಮೂವರೇ ಮುಖ್ಯವಾಗಿದ್ದರು.

ಫೋಟೋ ಅಂಗೈಗಿಂತ ಚಿಕ್ಕದು, ಸುಮಾರು 6 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ. ಆಗಿನ ಬಾಕ್ಸ್ ಕ್ಯಾಮೆರಾದ ನೆಗೆಟಿವ್ ಇದೇ ಅಳತೆಯದು. ಹಿಗ್ಗಿಸದೆ ಕಾಗದದ ಮೇಲೇ ಇಟ್ಟು ಬೆಳಕು ಹಾಯಿಸಿ ಪ್ರಿಂಟ್ ತೆಗೆದಿದ್ದಾರೆ. ಆ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮೇಲಿನ ಸಣ್ಣ ಗಾಜಿನೊಳಗೆ ನೋಡಬೇಕಿತ್ತು. ಬಿಸಿಲು ಬೆನ್ನಿಗಿರಬೇಕಿತ್ತು. ಹಾಗಾಗಿಯೇ ಮೂವರೂ ಕಣ್ಣು ಕಿರಿದು ಮಾಡಿದ್ದಾರೆ. ಅವರ ಕಾಲ ಬಳಿ ತಲೆ ಬಗ್ಗಿಸಿದ ನಾಲ್ಕನೆಯವರ ನೆರಳು ಚಾಚಿದೆ. ಆ ನೆರಳನ್ನು ನಾನು ನೋಡಿದಷ್ಟು ಹೊತ್ತು ಮುಖಗಳನ್ನೂ ನೋಡಲಿಲ್ಲ.

ಕಾಲ ಯಾವುದು? ಪುಸ್ತಕದ ಇಸವಿಯನ್ನು ನಂಬಿ ಹೇಳುವಂತಿಲ್ಲ. 1957ರ ನಂತರ ಒಳಗಿಟ್ಟರು ಎಂದಷ್ಟೇ ಅದು ಹೇಳುತ್ತದೆ. ಫೋಟೋ ಅದಕ್ಕೂ ಹಳೆಯದಿರಬಹುದು. ಓರೆ ಹಿಡಿದರೆ ಕಪ್ಪು ಭಾಗದ ಅಂಚಿನಲ್ಲಿ ನೀಲಿ ಛಾಯೆಯ ಬೆಳ್ಳಿ ಹೊಳಪು. ನಮ್ಮ ಮಲೆನಾಡಿನ ತೇವಕ್ಕೆ ಚಿತ್ರದೊಳಗಿನ ಬೆಳ್ಳಿ ಮೇಲೆದ್ದು ಬಂದದ್ದು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೇ ಕಿತ್ತುಬರುತ್ತದೆ.

ಬಳ್ಳಿಗಾವಿಗೆ ಒಯ್ದೆ. ಕಂಬದ ಹತ್ತಿರದ ಮನೆಯ ಅಜ್ಜಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಗುರುತು ಹತ್ತೂದಿಲ್ಲ ತಮ್ಮಾ. ಸೀರೆ ಹೊಸದು, ಮಡಿಕೆ ಇನ್ನೂ ಮುರಿದಿಲ್ಲ ನೋಡು. ಮಗೂಗೆ ಮೊದಲ್ನೇ ಜಾತ್ರೆ ಇರಬೇಕು.”

“ಊರವರಾ ಅಜ್ಜಿ?”

“ಊರವರಾದ್ರೆ ಕಂಬದ ಮುಂದೆ ಯಾಕೆ ನಿಲ್ತಿದ್ರು? ದಿನಾ ನೋಡೋದೇ ಅಲ್ವಾ!”

ಹೌದೆನಿಸಿತು. ಅದಕ್ಕಿಂತ ಮುಂದೆ ದಾರಿ ಸಿಗಲಿಲ್ಲ. ಆ ಕಂಬವನ್ನು ನಿಲ್ಲಿಸಿದವನು ಚಾಮುಂಡರಾಯ, ವರ್ಷ 1047. ಕಂಬದ ಮೇಲಿನ ಶಾಸನವೇ ಹೇಳುತ್ತದೆ. ಸಾವಿರ ವರ್ಷ ಹತ್ತಿರವಾದ ಕಲ್ಲಿಗೆ ಊರು, ಹೆಸರು, ಇಸವಿ ಎಲ್ಲ ಇದೆ. ಅದರ ಮುಂದೆ ತಾಯಿಯ ಸೊಂಟದ ಮೇಲಿದ್ದ ಮಗು ಇಂದಿಗೂ ಬದುಕಿರಬಹುದು, ಅದರ ಹೆಸರಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ನಿಮ್ಮ ಮನೆಯ ಹಳೇ ಫೋಟೋಗಳನ್ನು ಈ ವಾರವೇ ಹೊರತೆಗೆಯಿರಿ. ಹೆಸರು ಹೇಳಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಒತ್ತದೆ ಬರೆಯಿರಿ: ಯಾರು, ಎಲ್ಲಿ, ಯಾವಾಗ. ಬಾಲ್ ಪೆನ್ ಬೇಡ, ಗೀರು ಮುಂದಿನ ಮುಖದ ಮೇಲೆ ಮೂಡುತ್ತದೆ. ತೆಗೆದವರ ಹೆಸರನ್ನೂ ಮರೆಯದೆ ಬರೆಯಿರಿ.